ಚಿರತೆಯ ಮುಖದ ಮೇಲಿನ ಜಾಲರಿ ತೆಗೆಯುವುದು ಹೇಗೆ

ಅಕ್ಕನ ಮಗ ಭಾನುವಾರ ಗೆಳೆಯರ ಜೊತೆ ಕಮಲಾಪುರದ ಜೂಗೆ ಹೋಗಿ ಬಂದ. ಆ ಜೂ ಮೊದಲು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಆ ಕಡೆಗೆ ಸೇರಿತು. ಬಂದವನೇ ಕ್ಯಾಮೆರಾದ ಕಾರ್ಡ್ ತೆಗೆದು ನನ್ನ ಕೈಯಲ್ಲಿಟ್ಟ.

"ಮಾಮಾ, ಈ ಜಾಲರಿ ತೆಗೆಯಾಕ ಆಗ್ತೈತಾ?"

"ನೀನೇ ಕ್ಲೋನ್ ಮಾಡಿ ನೋಡಬೇಕಿತ್ತು."

"ನೋಡಿದೆ. ಚಿರತಿಗೆ ಮೂರು ಕಿವಿ ಬಂದ್ವು."

ಫೋಟೋ ನೋಡಿದೆ. ಚಿರತೆ ನೆರಳಲ್ಲಿ ಕೂತು ನೇರ ಇವನ ಕಡೆಗೇ ನೋಡುತ್ತಿದೆ. ಚೆನ್ನಾಗಿದೆ. ಆದರೆ ಮುಖ, ಎದೆ, ಬೆನ್ನಿನ ಮೇಲೆ ಓರೆ ಓರೆಯಾಗಿ ಬಿಳಿಚಿದ ಪಟ್ಟೆಗಳು. ಡೈಮಂಡ್ ಜಾಲರಿಯ ತಂತಿ ಮಸುಕಾಗಿ, ಅಗಲವಾಗಿ ಬಂದಿದೆ. ಯಾರೋ ಸುಣ್ಣದ ನೀರಲ್ಲಿ ಬೆರಳದ್ದಿ ಗೀಚಿದ ಹಾಗೆ.

ಇಂಥ ಫೋಟೋ ಸಿಕ್ಕರೆ ಎಲ್ಲರೂ ಮೊದಲು ಕ್ಲೋನ್ ಅಥವಾ ಹೀಲ್ ಉಪಕರಣಕ್ಕೆ ಕೈ ಹಾಕುತ್ತಾರೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಈ ಫೋಟೋಗೆ ಅದು ತಪ್ಪು ದಾರಿ. ಯಾಕೆಂದರೆ ಆ ಪಟ್ಟೆಗಳ ಕೆಳಗೆ ಚಿರತೆ ಇನ್ನೂ ಇದೆ. ಇರುವುದನ್ನು ಅಳಿಸಿ, ಪಕ್ಕದಿಂದ ತಂದು ತೇಪೆ ಹಾಕುವುದು ಯಾಕೆ? ಮೇಲಿನ ಮಸುಕನ್ನು ಮಾತ್ರ ಎತ್ತಿದರೆ ಸಾಕು.

ತಂತಿ ಮುಚ್ಚಿದೆಯೋ, ಮಸುಕು ಮಾಡಿದೆಯೋ

ಕೆಲಸಕ್ಕೆ ಕೂರುವ ಮುಂಚೆ ಇದನ್ನು ತೀರ್ಮಾನ ಮಾಡಿಕೊಳ್ಳಿ. ಫೋಟೋವನ್ನು 100 ಪರ್ಸೆಂಟ್ ಗಾತ್ರಕ್ಕೆ ಹಿಗ್ಗಿಸಿ. ಪಟ್ಟೆಯೊಂದು ಮೀಸೆ, ಮಚ್ಚೆಯ ಅಂಚು, ಕಿವಿಯ ತುದಿಯಂಥ ಗೆರೆಯ ಮೇಲೆ ಹಾದುಹೋದ ಜಾಗ ಹುಡುಕಿ. ಆ ಗೆರೆ ಪಟ್ಟೆಯೊಳಗೂ ಸಣ್ಣಗೆ ಮುಂದುವರಿದು ಆಚೆ ಬಂದರೆ, ಬೆಳಕು ತಂತಿಯ ಅಕ್ಕಪಕ್ಕದಿಂದ ನುಸುಳಿ ಒಳಗೆ ಬಂದಿದೆ ಎಂದರ್ಥ. ಎತ್ತಬಹುದು. ಗೆರೆ ಪಟ್ಟೆಯ ಅಂಚಿನಲ್ಲಿ ಕಡಿದು, ಆ ಕಡೆ ಮತ್ತೆ ಶುರುವಾದರೆ, ನಡುವಿನದು ಹೋಯಿತು. ಅಲ್ಲಿ ತುಂಬಿಸಬೇಕು.

ಇದು ಲೆನ್ಸ್‌ನ ತೂತಿನ ಲೆಕ್ಕ. ನಮ್ಮ ಹುಡುಗ ತೆಗೆದದ್ದು 135 ಮಿ.ಮೀ. ಜೂಮ್‌ನಲ್ಲಿ, f/8ರಲ್ಲಿ. 135ನ್ನು 8ರಿಂದ ಭಾಗಿಸಿದರೆ 17. ಅಂದರೆ ಬೆಳಕು ಒಳಗೆ ಬರುವ ಬಾಗಿಲು 17 ಮಿ.ಮೀ. ಅಗಲ. ಚಿರತೆಯ ಒಂದೊಂದು ಕೂದಲಿನಿಂದಲೂ ಬೆಳಕು ಶಂಕುವಿನ ಹಾಗೆ ಅಗಲವಾಗುತ್ತಾ ಬಂದು ಆ ಬಾಗಿಲಿನ ತುಂಬಾ ಹರಡುತ್ತದೆ. ಚಿರತೆ 8 ಮೀಟರ್ ದೂರ, ಜಾಲರಿ 2 ಮೀಟರ್ ದೂರ ಇತ್ತು ಅಂದುಕೊಳ್ಳಿ. ಜಾಲರಿಯ ಹತ್ತಿರ ಆ ಶಂಕು ಸುಮಾರು 13 ಮಿ.ಮೀ. ಅಗಲ ಇರುತ್ತದೆ. ತಂತಿ 3 ಮಿ.ಮೀ. ದಪ್ಪ. 13ರ ನಡುವೆ 3 ಅಡ್ಡ ಬಂದರೆ ಕಾಲು ಪಾಲಿಗಿಂತ ಕೊಂಚ ಹೆಚ್ಚು ಬೆಳಕು ತಡೆಯುತ್ತದೆ. ಉಳಿದದ್ದು ಎರಡೂ ಪಕ್ಕದಿಂದ ನುಸುಳಿ ಬರುತ್ತದೆ. ತಡೆದ ಪಾಲಿನ ಬದಲು ತಂತಿ ತನ್ನದೇ ಹೊಳಪನ್ನು ಸೇರಿಸುತ್ತದೆ. ಪಟ್ಟೆ ಬಿಳಿಚಿಕೊಳ್ಳುವುದು ಅದಕ್ಕೇ.

ಫೋನ್‌ನಲ್ಲಿ ಇದೇ ಲೆಕ್ಕ ಹಾಕಿದರೆ ಕಥೆ ಉಲ್ಟಾ. ಫೋನ್‌ನ ಮುಖ್ಯ ಲೆನ್ಸ್‌ನ ಬಾಗಿಲು ಸುಮಾರು 3 ಮಿ.ಮೀ. ಅಷ್ಟೇ. ತಂತಿಯೂ 3 ಮಿ.ಮೀ. ಹಾಗಾಗಿ ತಂತಿ ಪೂರ್ತಿ ಅಡ್ಡ ನಿಲ್ಲುತ್ತದೆ, ಹಿಂದಿನದು ಕಾಣುವುದೇ ಇಲ್ಲ. ಫೋನ್ ಫೋಟೋಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೂರನೇ ಒಂದು ಸಂಗತಿಯೂ ಇದೆ. ಕೆಲವು ಸಲ ಕ್ಯಾಮೆರಾ ತಂತಿಗೇ ಫೋಕಸ್ ಮಾಡಿಬಿಟ್ಟಿರುತ್ತದೆ. ತಂತಿಯ ಮೇಲಿನ ತುಕ್ಕಿನ ಚುಕ್ಕೆ ಎಣಿಸಬಹುದು, ಪ್ರಾಣಿಯ ಕಣ್ಣು ಮಾತ್ರ ಮಸುಕು. ಅಂಥದ್ದಕ್ಕೆ ಸಮಯ ಹಾಕಬೇಡಿ, ಅಳಿಸಿಬಿಡಿ.

ಎರಡು ಜಾಗದಲ್ಲಿ ಅಳತೆ

ನಾನು ಬಳಸುವುದು GIMP ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್. ಉಚಿತ, ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲೂ ಲೆವೆಲ್ಸ್, ಲೇಯರ್, ಮಾಸ್ಕ್ ಇದ್ದರೆ ಇದೇ ದಾರಿ ನಡೆಯುತ್ತದೆ.

ಪಟ್ಟೆಯೊಳಗೆ ಎರಡು ಬದಲಾವಣೆ ಆಗಿವೆ ಎಂದೆನಲ್ಲ. ಒಂದು, ಚಿರತೆಯ ಬೆಳಕು ಒಂದಿಷ್ಟು ಪಾಲು ಕಡಿಮೆಯಾಗಿದೆ. ಇನ್ನೊಂದು, ತಂತಿಯ ಹೊಳಪು ಸೇರಿದೆ. ಇದನ್ನು ವಾಪಸ್ ಮಾಡಬೇಕಾದರೆ ಸೇರಿದ್ದನ್ನು ಕಳೆಯಬೇಕು, ಆಮೇಲೆ ಉಳಿದದ್ದನ್ನು ಹಿಗ್ಗಿಸಬೇಕು. ಲೆವೆಲ್ಸ್ ಮಾಡುವುದು ಸರಿಯಾಗಿ ಅದನ್ನೇ. ಎಡಗಡೆ ಸಂಖ್ಯೆ ಕಳೆಯುತ್ತದೆ, ಬಲಗಡೆ ಸಂಖ್ಯೆ ಹಿಗ್ಗಿಸುತ್ತದೆ. ಆ ಎರಡು ಸಂಖ್ಯೆ ಎಷ್ಟು ಅನ್ನುವುದೇ ಪ್ರಶ್ನೆ. ಕಣ್ಣಂದಾಜಿನಲ್ಲಿ ಎಳೆದಾಡಿದರೆ ಅರ್ಧ ತಾಸು ಹೋಗುತ್ತದೆ, ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುತ್ತದೆ. ಅಳತೆ ಮಾಡಿದರೆ ಐದು ನಿಮಿಷ.

ಕಲರ್ ಪಿಕ್ಕರ್ ತೆಗೆದುಕೊಳ್ಳಿ, ಕೀಬೋರ್ಡ್‌ನಲ್ಲಿ O ಒತ್ತಿದರೆ ಬರುತ್ತದೆ. ಅದರ ಆಯ್ಕೆಗಳಲ್ಲಿ Sample average ಹಾಕಿಕೊಳ್ಳಿ. ಒಂದೇ ಪಿಕ್ಸೆಲ್ ನೋಡಿದರೆ ಕಾಳುಕಾಳು ನಾಯ್ಸ್ ಮೋಸ ಮಾಡುತ್ತದೆ. ಈಗ ಒಂದು ಕಪ್ಪು ಜಾಗ, ಒಂದು ಬಿಳಿ ಜಾಗ ಹುಡುಕಿ. ಎರಡರ ಮೇಲೂ ಪಟ್ಟೆ ಹಾದುಹೋಗಿರಬೇಕು. ನಮ್ಮ ಚಿರತೆಯಲ್ಲಿ ಕಪ್ಪಿಗೆ ಭುಜದ ಮೇಲಿನ ಒಂದು ಮಚ್ಚೆ, ಬಿಳಿಗೆ ಎದೆಯ ತಿಳಿ ರೋಮ ಸಿಕ್ಕಿತು.

ಕಡು ಕಪ್ಪಿಗೆ 0, ಅಚ್ಚ ಬಿಳಿಗೆ 255 ಅನ್ನುವ ಅಳತೆಯಲ್ಲಿ, ಮಚ್ಚೆಯಲ್ಲಿ ಪಟ್ಟೆಯ ಹೊರಗೆ 22 ಇತ್ತು. ಪಟ್ಟೆಯ ನಟ್ಟನಡುವೆ 58. ಎದೆಯ ಮೇಲೆ ಪಟ್ಟೆಯ ಹೊರಗೆ 205, ಪಟ್ಟೆಯ ನಡುವೆ 190. ನೋಡಿ, ಕಪ್ಪು ಬೆಳ್ಳಗಾಗಿದೆ, ಬಿಳಿ ಸ್ವಲ್ಪ ಕಪ್ಪಾಗಿದೆ. ಸುಮ್ನೆ ಪಟ್ಟೆಯನ್ನು ಕಪ್ಪು ಮಾಡಿದರೆ ಆಗಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಈಗ ಲೆಕ್ಕ. ಪಟ್ಟೆಯ ಹೊರಗೆ ಕಪ್ಪಿಗೂ ಬಿಳಿಗೂ ಅಂತರ 205 ಕಳೆ 22, ಅಂದರೆ 183. ಒಳಗೆ ಅಂತರ 190 ಕಳೆ 58, ಅಂದರೆ 132. 132ನ್ನು 183ರಿಂದ ಭಾಗಿಸಿದರೆ 0.72. ಚಿರತೆಯ ಬೆಳಕಿನಲ್ಲಿ 72 ಪರ್ಸೆಂಟ್ ಉಳಿದಿದೆ, ತಂತಿ ತಿಂದದ್ದು 28. ಮೇಲೆ ಲೆನ್ಸ್‌ನ ಬಾಗಿಲಿನ ಲೆಕ್ಕದಲ್ಲಿ ಬಂದ ಪಾಲಿಗೂ ಇದಕ್ಕೂ ಹತ್ತಿರ ಇದೆ ಅಲ್ವಾ? ಇನ್ನು ತಂತಿ ಸೇರಿಸಿದ್ದೆಷ್ಟು? 22ರಲ್ಲಿ 72 ಪರ್ಸೆಂಟ್ ಅಂದರೆ 16. ಕಾಣುತ್ತಿರುವುದು 58. ಹಾಗಾದರೆ ಸೇರಿದ್ದು 42.

ಲೆವೆಲ್ಸ್‌ನ ಎಡಗಡೆ ಸಂಖ್ಯೆ ಅದೇ 42. ಬಲಗಡೆಯದು 255ರಲ್ಲಿ 72 ಪರ್ಸೆಂಟ್, ಅದಕ್ಕೆ 42 ಕೂಡಿಸಿ. 184 ಮತ್ತು 42, ಒಟ್ಟು 226. ಸೂತ್ರ ಬರೆದಿಟ್ಟುಕೊಳ್ಳುವವರಿಗೆ:

```
p    = (190 - 58) / (205 - 22)   = 0.72
low  = 58 - p * 22               = 42
high = p * 255 + low             = 226
```

ಒಂದು ಸಣ್ಣ ತೊಡಕು ಇದೆ. ಬೆಳಕು ಬೆರೆಯುವುದು ಲೆನ್ಸ್‌ನಲ್ಲಿ, ಆದರೆ ಫೋಟೋ ಫೈಲ್‌ನಲ್ಲಿರುವ ಸಂಖ್ಯೆಗಳು ನಮ್ಮ ಕಣ್ಣಿಗೆ ಹೊಂದುವ ಹಾಗೆ ಬಾಗಿಸಿದವು. ಅದರಿಂದ ಕಪ್ಪು, ಬಿಳಿ ಎರಡೂ ಸರಿಯಾಗಿ ಕೂತರೂ ನಡುವಿನ ಬಣ್ಣ, ಅಂದರೆ ಚಿರತೆಯ ಹಳದಿ ರೋಮ, ಪಟ್ಟೆಯೊಳಗೆ ಕೊಂಚ ಗಾಢವಾಗಿ ಬರುತ್ತದೆ. ಲೆವೆಲ್ಸ್‌ನ ನಡುವಿನ ಪೆಟ್ಟಿಗೆಯನ್ನು 1.00ರಿಂದ 1.10ಕ್ಕೆ ಏರಿಸಿ. ಸಾಮಾನ್ಯವಾಗಿ ಅಷ್ಟಕ್ಕೆ ಹೊಂದಿಕೊಳ್ಳುತ್ತದೆ.

ಪಟ್ಟೆಯ ಮೇಲೆ ಮಾತ್ರ ಹಾಕುವುದು

ಫೋಟೋದ ಲೇಯರ್‌ಗೆ ಒಂದು ನಕಲು ಮಾಡಿ, Layer > Duplicate Layer. ನಕಲಿನ ಮೇಲೆ Colors > Levels ತೆರೆದು 42, 1.10, 226 ಹಾಕಿ ಒಪ್ಪಿ. ಇಡೀ ಫೋಟೋ ಕಡುವಾಗಿ ಕೆಟ್ಟು ಕಾಣುತ್ತದೆ. ಹೆದರಬೇಡಿ. ಪಟ್ಟೆಗಳ ಒಳಗೆ ಮಾತ್ರ ನೋಡಿ, ಅಲ್ಲಿ ಚಿರತೆ ತನ್ನ ನಿಜವಾದ ಬಣ್ಣಕ್ಕೆ ಬಂದಿರುತ್ತದೆ. ಈಗ Layer > Mask > Add Layer Mask ಒತ್ತಿ, ಪೂರ್ತಿ ಕಪ್ಪು ಮಾಸ್ಕ್ ಆರಿಸಿ. ತಿದ್ದಿದ ಲೇಯರ್ ಮಾಯವಾಗುತ್ತದೆ. ಇನ್ನು ಮಾಸ್ಕ್ ಮೇಲೆ ಬಿಳಿ ಬಳಿದ ಕಡೆಯಲ್ಲೆಲ್ಲ ಅದು ಕಾಣಿಸಿಕೊಳ್ಳುತ್ತದೆ.

ಕೈಯಲ್ಲಿ ಮೌಸ್ ಹಿಡಿದು ಬಳಿಯಲು ಹೋಗಬೇಡಿ. ಗೆರೆ ನಡುಗುತ್ತದೆ. ತಂತಿ ನೇರ ಇರುತ್ತದೆ, ಅದಕ್ಕೆ ಪಾತ್ಸ್ ಉಪಕರಣ ಸರಿ. B ಒತ್ತಿ. ಪಟ್ಟೆಯ ಒಂದು ತುದಿಯ ನಡುವೆ ಒಂದು ಕ್ಲಿಕ್, ಇನ್ನೊಂದು ತುದಿಯಲ್ಲಿ ಒಂದು ಕ್ಲಿಕ್. ಮುಂದಿನ ಪಟ್ಟೆ ಶುರುಮಾಡುವಾಗ Shift ಹಿಡಿದು ಕ್ಲಿಕ್ ಮಾಡಿದರೆ ಹಿಂದಿನದಕ್ಕೆ ಅಂಟಿಕೊಳ್ಳದೆ ಹೊಸ ಗೆರೆ ಆಗುತ್ತದೆ. ಡೈಮಂಡ್ ಜಾಲರಿಯ ತಂತಿ ಗಂಟಿನಲ್ಲಿ ಮೊಣಕೈ ಹಾಗೆ ತಿರುಗುತ್ತದೆ. ಆ ತಿರುವಿನಲ್ಲಿ ಒಂದು ಕ್ಲಿಕ್ ಹೆಚ್ಚಿಗೆ ಹಾಕಿ. ನಮ್ಮ ಫೋಟೋದಲ್ಲಿ ಎಲ್ಲ ಗೆರೆ ಹಾಕಲು ಹತ್ತು ನಿಮಿಷ ಹಿಡಿಯಿತು.

ಆಮೇಲೆ ಮಾಸ್ಕ್ ಮೇಲೆ ಒಮ್ಮೆ ಕ್ಲಿಕ್ ಮಾಡಿ ಅದು ಆಯ್ಕೆಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಬಣ್ಣ ಬಿಳಿ ಇರಲಿ. ಪೇಂಟ್‌ಬ್ರಷ್ ತೆಗೆದುಕೊಂಡು ಅದರ Hardness ಸೊನ್ನೆಯ ಹತ್ತಿರಕ್ಕೆ ಇಳಿಸಿ, ಗಾತ್ರವನ್ನು ಪಟ್ಟೆಯ ಅಗಲದಷ್ಟು ಮಾಡಿ. ನಮ್ಮದು 6000 ಪಿಕ್ಸೆಲ್ ಅಗಲದ ಫೋಟೋ, ಪಟ್ಟೆ ಸುಮಾರು 280 ಪಿಕ್ಸೆಲ್ ಇತ್ತು. ನಾನು 300 ಇಟ್ಟೆ. ಈಗ Edit > Stroke Path, ಅದರಲ್ಲಿ Stroke with a paint tool, Paintbrush. ಒಂದೇ ಒತ್ತಿಗೆ ಎಲ್ಲ ಗೆರೆಗಳ ಮೇಲೂ ಬ್ರಷ್ ಓಡುತ್ತದೆ.

ಮೆತ್ತನೆ ಬ್ರಷ್ ಯಾಕೆಂದರೆ ಪಟ್ಟೆಯೂ ಹಾಗೇ ಇದೆ. ನಡುವೆ ಗಟ್ಟಿ, ಅಂಚಿಗೆ ಹೋಗುತ್ತಾ ತೆಳು. ನಾವು ಅಳತೆ ಮಾಡಿದ್ದು ನಟ್ಟನಡುವಿನದು. ಅಂಚಿನಲ್ಲಿ ಅಷ್ಟೇ ತಿದ್ದಿದರೆ ಅತಿಯಾಗುತ್ತದೆ.

ಮೊದಲ ಸಲಕ್ಕೇ ಪೂರ್ತಿ ಸರಿ ಬಂದದ್ದು ನನಗೆ ನೆನಪಿಲ್ಲ. ಏನು ತಪ್ಪಾಗಿದೆ ಎಂದು ಪಟ್ಟೆಯೇ ಹೇಳುತ್ತದೆ. ನಡುಭಾಗ ಚೆನ್ನಾಗಿದ್ದು ಎರಡೂ ಅಂಚಿನಲ್ಲಿ ಬಿಳಿ ಗೆರೆ ಉಳಿದರೆ ಬ್ರಷ್ ಸಣ್ಣದಾಯಿತು. ಅಂಚಿನಲ್ಲಿ ಕಪ್ಪು ಗೆರೆ ಬಂದರೆ ಬ್ರಷ್ ದೊಡ್ಡದಾಯಿತು. ನಡುವೆಯೇ ಇನ್ನೂ ಬಿಳಿಚಿದ್ದರೆ ಅಳತೆ ಮಾಡಿದ ಜಾಗ ಪಟ್ಟೆಯ ನಡುವೆ ಇರಲಿಲ್ಲ, ಮತ್ತೆ ಅಳೆಯಿರಿ. ಬ್ರಷ್ ಬದಲಿಸಬೇಕಾದರೆ ಮಾಸ್ಕ್‌ಗೆ ಪೂರ್ತಿ ಕಪ್ಪು ತುಂಬಿ, ಗಾತ್ರ ತಿದ್ದಿ, ಮತ್ತೆ Stroke Path. ಗೆರೆಗಳು ಹಾಗೇ ಇರುತ್ತವೆ, ಮತ್ತೆ ಹಾಕುವ ಗೋಳಿಲ್ಲ. ನಾನು 300ರಲ್ಲಿ ಶುರುಮಾಡಿ ಅಂಚು ಕಪ್ಪಾಗಿ, 260ಕ್ಕೆ ಇಳಿಸಿದೆ. ಆಗ ಕೂತಿತು.

ಬಿಸಿಲು ಬಿದ್ದ ತಂತಿ, ಬೀಳದ ತಂತಿ

ಇಲ್ಲಿಗೆ ಅರ್ಧ ಫೋಟೋ ಸರಿಯಾಗಿತ್ತು. ಇನ್ನರ್ಧದಲ್ಲಿ ಪಟ್ಟೆಗಳು ಕಪ್ಪು ಬರೆ ಎಳೆದ ಹಾಗೆ ಕಂಡವು. ಎಡಕ್ಕೆ ವಾಲಿದ ತಂತಿಗಳೆಲ್ಲ ಸರಿ, ಬಲಕ್ಕೆ ವಾಲಿದವೆಲ್ಲ ತಪ್ಪು. ಕಾರಣ ನಮ್ಮ ಕಡೆಯ ಬಿಸಿಲು. ಓರೆ ತಂತಿಗಳಲ್ಲಿ ಒಂದು ದಿಕ್ಕಿನವು ಸೂರ್ಯನ ಕಡೆಗೆ ಮೈಯೊಡ್ಡಿ ಹೊಳೆಯುತ್ತವೆ, ಇನ್ನೊಂದು ದಿಕ್ಕಿನವು ಹೊಳೆಯುವುದಿಲ್ಲ. ತಿಂದ ಬೆಳಕು ಎರಡರಲ್ಲೂ ಅಷ್ಟೇ, ಸೇರಿಸಿದ ಹೊಳಪು ಬೇರೆ ಬೇರೆ.

ಹಾಗಾಗಿ ಎರಡನೇ ದಿಕ್ಕಿನವಕ್ಕೆ ಬೇರೆ ಲೇಯರ್, ಬೇರೆ ಅಳತೆ, ಬೇರೆ ಪಾತ್. ಅಲ್ಲಿ ಎಡಗಡೆ ಸಂಖ್ಯೆ ಬರೀ 14 ಬಂತು, ಬಲಗಡೆಯದು 198. ನೋಡಿ, ಎರಡರ ನಡುವಿನ ಅಂತರ ಇಲ್ಲೂ 184. ತಂತಿಯ ದಪ್ಪ ಒಂದೇ ಆದದ್ದಕ್ಕೆ ಅದು ಬದಲಾಗಲಿಲ್ಲ. ಹಾಗಾಗಿ ಎರಡನೇ ಸಲಕ್ಕೆ ಬಿಳಿ ಜಾಗ ಸಿಗದಿದ್ದರೂ ಕಪ್ಪು ಜಾಗ ಒಂದರಲ್ಲೇ ಲೆಕ್ಕ ಮುಗಿಸಬಹುದು.

ತುಕ್ಕು ಹಿಡಿದ ತಂತಿಯಾದರೆ ಪಟ್ಟೆ ಹೋದ ಮೇಲೂ ಕೆಂಪು ಛಾಯೆ ಉಳಿಯುತ್ತದೆ. ಹಸಿರು ಬಣ್ಣ ಬಳಿದ ಜಾಲರಿಯಾದರೆ ಹಸಿರು. ಆಗ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆಯಾಗಿ ಇದೇ ಲೆಕ್ಕ ಮಾಡಿ, ಲೆವೆಲ್ಸ್‌ನ ಮೇಲ್ಗಡೆ Channel ಬದಲಿಸಿ ಹಾಕಬೇಕು. ಬೇಸರದ ಕೆಲಸ, ಆದರೆ ಹೊಸದೇನಿಲ್ಲ.

ಗಂಟುಗಳಲ್ಲಿ ಎರಡು ತಂತಿ ಸುತ್ತಿಕೊಂಡಿರುತ್ತವೆ, ಅಲ್ಲಿ ಮಸುಕು ಜಾಸ್ತಿ. Layer > New from Visible ಮಾಡಿ, ಅದರ ಮೇಲೆ ಇನ್ನೊಂದು ಹಗುರ ಲೆವೆಲ್ಸ್ ಹಾಕಿ, ಕಪ್ಪು ಮಾಸ್ಕ್ ಕೊಟ್ಟು, ಗಂಟಿನ ಮೇಲೆ ಮಾತ್ರ ಮೆತ್ತನೆ ಬ್ರಷ್‌ನಿಂದ ಒಂದೊಂದು ಒತ್ತು ಕೊಟ್ಟರೆ ಸಾಕು. ಇಲ್ಲಿ ನಾನು ಅಳತೆ ಮಾಡುವುದಿಲ್ಲ, ಕಣ್ಣಿಗೆ ಬಿಡುತ್ತೇನೆ.

ಇಷ್ಟಾದ ಮೇಲೂ ಒಂದು ಬೆಲೆ ತೆರಬೇಕು. 184 ಇದ್ದದ್ದನ್ನು 255ಕ್ಕೆ ಹಿಗ್ಗಿಸಿದ್ದೇವೆ, ಅಂದರೆ ಸುಮಾರು 1.4 ಪಟ್ಟು. ಪಟ್ಟೆಯೊಳಗಿನ ನಾಯ್ಸ್ ಕೂಡ ಅಷ್ಟೇ ಹಿಗ್ಗುತ್ತದೆ. ಹಗಲು ಬೆಳಕಿನ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಸಂಜೆ ಹೊತ್ತಿನಲ್ಲಿ ISO 3200 ಇಟ್ಟು ತೆಗೆದಿದ್ದರೆ ಪಟ್ಟೆ ಇದ್ದ ಕಡೆ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಅಂಥದ್ದಕ್ಕೆ ಲೆವೆಲ್ಸ್ ಹಾಕುವ ಮುಂಚೆಯೇ ಇಡೀ ಫೋಟೋದ ನಾಯ್ಸ್ ಇಳಿಸಿಕೊಳ್ಳಿ. ತಂತಿ ತಡೆದದ್ದು 60 ಪರ್ಸೆಂಟ್ ದಾಟಿದ್ದರೆ ಹಿಗ್ಗಿಸಿ ಪ್ರಯೋಜನವಿಲ್ಲ. ಅದನ್ನು ಮುಚ್ಚಿದ ಜಾಗ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪೂರ್ತಿ ಮುಚ್ಚಿದ್ದರೆ: ಬಳ್ಳಾರಿ ಗುಡ್ಡದ ಫೋಟೋ

ಫೋನ್ ಕಥೆಗೆ ಬಂದೆ. ನಮ್ಮ ಮನೆ ಮೂರನೇ ಮಹಡಿ. ಹಿಂದಿನ ಕಿಟಕಿಯಿಂದ ಕೋಟೆ ಗುಡ್ಡ ಕಾಣುತ್ತದೆ. ಮಳೆಗಾಲದಲ್ಲಿ ಒಂದು ಸಂಜೆ ಗುಡ್ಡದ ಹಿಂದೆ ಕರಿಮೋಡ, ಮುಂದೆ ಬಿಸಿಲು. ಅವ್ವ ಫೋನ್ ತಗೊಂಡು ಫೋಟೋ ಹೊಡೆದಳು, ಕಿಟಕಿಯ ಸರಳುಗಳ ಸಮೇತ. ಕೈ ಹೊರಗೆ ಹಾಕಿ ತೆಗೆಯಬೇಕಿತ್ತು ಎಂದೆ.

"ಫೋನ್ ಕೈ ಜಾರಿ ಬಿದ್ರೆ ನೀ ಕೊಡಿಸ್ತೀಯೇನು?"

ಮಾತು ಸರಿಯೇ. ಸರಳು 12 ಮಿ.ಮೀ. ಚೌಕದ್ದು, ಫೋನ್‌ನ ಬಾಗಿಲು 3 ಮಿ.ಮೀ. ಅದರ ಹಿಂದಿನ ಗುಡ್ಡ ಫೋಟೋದಲ್ಲಿ ಇಲ್ಲವೇ ಇಲ್ಲ. ಯಾವ ಲೆವೆಲ್ಸ್ ಹಾಕಿದರೂ ಬರುವುದಿಲ್ಲ. ಆದರೆ ಅವ್ವನಿಗೆ ಒಂದು ಒಳ್ಳೇ ಅಭ್ಯಾಸ ಇದೆ, ಒಂದರ ಬದಲು ನಾಲ್ಕು ಫೋಟೋ ಹೊಡೆಯುತ್ತಾಳೆ. ಕೈ ಅಷ್ಟಿಷ್ಟು ಅಲುಗಾಡಿರುತ್ತದೆ. ಒಂದರಲ್ಲಿ ಸರಳು ಮುಚ್ಚಿದ ಗುಡ್ಡ ಇನ್ನೊಂದರಲ್ಲಿ ಬಯಲಾಗಿತ್ತು.

ಗೊತ್ತಿದ್ದೇ ತೆಗೆಯುವವರು ಹೀಗೆ ಮಾಡಿ. ಗುಡ್ಡದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಎರಡು ಫೋಟೋದ ಹೊಳಪು ಬೇರೆಯಾಗಿ ತೇಪೆ ಎದ್ದು ಕಾಣುತ್ತದೆ. ಒಂದು ಫೋಟೋ ಹೊಡೆದು, ಫೋನ್ ತಿರುಗಿಸದೆ, ಸರಳುಗಳ ನಡುವಿನ ಸಂದಿಯ ಅರ್ಧದಷ್ಟು ಪಕ್ಕಕ್ಕೆ ಸರಿಸಿ. ನಮ್ಮ ಕಿಟಕಿಯಲ್ಲಿ ಸಂದಿ 10 ಸೆಂ.ಮೀ., ಹಾಗಾಗಿ 5 ಸೆಂ.ಮೀ. ಸರಿಸಿದರೆ ಆಯಿತು. ತಕ್ಷಣ ಇನ್ನೊಂದು ಹೊಡೆಯಿರಿ. ತಡ ಮಾಡಿದರೆ ಮೋಡ ಸರಿದುಬಿಡುತ್ತದೆ.

GIMPನಲ್ಲಿ ಮೊದಲ ಫೋಟೋ ತೆರೆದು, File > Open as Layers ಇಂದ ಎರಡನೆಯದನ್ನು ಮೇಲೆ ತನ್ನಿ. ಮೇಲಿನದರ Opacity 50ಕ್ಕೆ ಇಳಿಸಿ. ಗುಡ್ಡ ಎರಡಾಗಿ ಕಾಣುತ್ತದೆ. M ಒತ್ತಿ, ಗುಡ್ಡದ ಅಂಚು ಒಂದರ ಮೇಲೊಂದು ಕೂರುವವರೆಗೆ ಸರಿಸಿ. ಕೊನೆಯ ಒಂದೆರಡು ಪಿಕ್ಸೆಲ್‌ಗೆ ಬಾಣದ ಕೀಲಿ ಬಳಸಿ. Opacity ಮತ್ತೆ 100 ಮಾಡಿ, ಕಪ್ಪು ಮಾಸ್ಕ್ ಕೊಟ್ಟು, ಕೆಳಗಿನ ಫೋಟೋದ ಸರಳುಗಳ ಮೇಲೆ ಬಿಳಿ ಬಳಿಯಿರಿ. ಸರಳು ಮಾಯವಾಗಿ ಅದರ ಹಿಂದಿನ ನಿಜವಾದ ಗುಡ್ಡ ಬರುತ್ತದೆ. ಫೋನ್‌ಗಳು ತಾವಾಗೇ ಶಾರ್ಪ್ ಮಾಡುವುದರಿಂದ ಸರಳಿನ ಅಂಚಿನಲ್ಲಿ ಬೆಳ್ಳನೆ ಗೆರೆ ಇರುತ್ತದೆ, ಅದನ್ನೂ ಸೇರಿಸಿ ಕೊಂಚ ಅಗಲವಾಗಿಯೇ ಬಳಿಯಿರಿ.

ಅವ್ವನ ಫೋಟೋದಲ್ಲಿ ಒಂದು ಕಡೆ ಕೂರಲೇ ಇಲ್ಲ. ಮನೆ ಮುಂದಿನ ಬೇವಿನ ಮರ. ಗುಡ್ಡ ದೂರ ಇರುವುದರಿಂದ 5 ಸೆಂ.ಮೀ. ಸರಿದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಮರ ಹತ್ತಿರ ಇದೆ, ಅದು ಜಾಗ ಬದಲಿಸಿಬಿಟ್ಟಿದೆ. ಗುಡ್ಡ ಕೂರಿಸಿದರೆ ಕೊಂಬೆ ಮುರಿದ ಹಾಗೆ ಕಾಣುತ್ತದೆ. ಇದಕ್ಕೆ ಎರಡನೇ ಫೋಟೋದ ಇನ್ನೊಂದು ನಕಲು ತಂದು, ಅದನ್ನು ಮರಕ್ಕೆ ಹೊಂದಿಸಿ, ಮರದ ಭಾಗಕ್ಕೆ ಮಾತ್ರ ಅದನ್ನು ಬಳಸಿದೆ. ಕರೆಂಟ್ ವೈರ್ ಇದ್ದರೆ ಅದಕ್ಕೂ ಇದೇ.

ಕಿಟಕಿಗೆ ಸೊಳ್ಳೆ ಪರದೆಯ ಸಣ್ಣ ಜಾಲರಿ ಇದ್ದರೆ ಫೋನನ್ನು ಅದಕ್ಕೇ ತಾಗಿಸಿ ಹೊಡೆಯಿರಿ. ಎಳೆ ಒಂದೂ ಬಿಡಿಯಾಗಿ ಕಾಣುವುದಿಲ್ಲ, ಇಡೀ ಫೋಟೋ ಮಂಜು ಕವಿದ ಹಾಗೆ ಬರುತ್ತದೆ. ಮಾಸ್ಕ್ ಯಾವುದೂ ಬೇಡ, ಒಂದು ಲೆವೆಲ್ಸ್ ಸಾಕು.

ಜೂ ಒಳಗೆ ಮಲಗಿದ ಪ್ರಾಣಿಗೂ ಎರಡು ಫೋಟೋ ಉಪಾಯ ನಡೆಯುತ್ತದೆ. ಫೋನ್ ಎರಡು ಸೆಂ.ಮೀ. ಸರಿದರೂ 3 ಮಿ.ಮೀ. ತಂತಿ ಪೂರ್ತಿ ಪಕ್ಕಕ್ಕೆ ಹೋಗಿರುತ್ತದೆ. ಓಡಾಡುವ ಪ್ರಾಣಿಗೆ ನಡೆಯುವುದಿಲ್ಲ. ಡೈಮಂಡ್ ಜಾಲರಿಯ ಸಂದಿ ಸಾಮಾನ್ಯವಾಗಿ 5 ಸೆಂ.ಮೀ. ಇರುತ್ತದೆ, ಫೋನ್‌ನ ಲೆನ್ಸ್‌ಗೆ ಅದು ಹೆಬ್ಬಾಗಿಲು. ಆದರೆ ಜಾಲರಿಯ ಮುಂದೆ ಅಡ್ಡಗಟ್ಟೆ ಇರುವುದು ದೂರ ನಿಲ್ಲಲಿ ಅಂತಲೇ. ಅದನ್ನು ದಾಟಿ ಕೈ ಚಾಚಬೇಡಿ.

ಎರಡನೇ ಫೋಟೋ ಇಲ್ಲದಿದ್ದರೆ

ಆಗ ಮಾತ್ರ ಹೀಲ್ ಮತ್ತು ಕ್ಲೋನ್. ಹೊಸ ಖಾಲಿ ಲೇಯರ್ ತೆಗೆದು, ಉಪಕರಣದ ಆಯ್ಕೆಯಲ್ಲಿ Sample merged ಹಾಕಿ ಅದರ ಮೇಲೆ ಕೆಲಸ ಮಾಡಿ, ತಪ್ಪಿದರೆ ಅಳಿಸಬಹುದು. ರೋಮ ಇರುವ ಕಡೆ Ctrl ಒತ್ತಿ ಮೂಲ ಆರಿಸುವಾಗ ರೋಮ ಬಾಗಿದ ದಿಕ್ಕಿನಲ್ಲೇ ಆರಿಸಿ. ಒಂದು ಒತ್ತು ತಂತಿಯ ಮೇಲಿನಿಂದ, ಮುಂದಿನದು ಕೆಳಗಿನಿಂದ. ಉದ್ದಕ್ಕೆ ಎಳೆಯಬೇಡಿ. ಹೀಲ್ ಸುತ್ತಲಿನ ಹೊಳಪಿಗೆ ಹೊಂದಿಸಿಕೊಳ್ಳುತ್ತದೆ. ಅದರಿಂದ ಬೆನ್ನಿನ ಅಂಚು, ಕಿವಿಯ ಅಂಚಿನಲ್ಲಿ ಹಿಂದಿನ ಆಕಾಶದ ಬೆಳಕನ್ನು ರೋಮದೊಳಕ್ಕೆ ಎಳೆದು ತರುತ್ತದೆ. ಅಂಚಿಗೆ ಕ್ಲೋನ್, ಒಳಗೆ ಹೀಲ್.

ಫೋನ್ ಆ್ಯಪ್‌ಗಳ ಬೆರಳಲ್ಲಿ ಉಜ್ಜುವ ಹೀಲಿಂಗ್ ಜಾಲರಿಗೆ ಸೋಲುವುದು ಇನ್ನೊಂದು ಕಾರಣಕ್ಕೆ. ಅದು ಪಕ್ಕದಲ್ಲಿ ಹೋಲುವ ತುಂಡು ಹುಡುಕುತ್ತದೆ, ಪಕ್ಕದಲ್ಲಿ ಇರುವುದು ಇನ್ನೊಂದು ತಂತಿ. ಒಂದು ತಂತಿ ತೆಗೆದು ಅಲ್ಲಿಗೆ ಇನ್ನೊಂದನ್ನು ತಂದು ಕೂರಿಸುತ್ತದೆ. ತುಂಬಾ ಹಿಗ್ಗಿಸಿಕೊಂಡು, ಎರಡು ತಂತಿಯ ನಡುವಿನಷ್ಟು ಮಾತ್ರ ತೆರೆಯ ಮೇಲೆ ಇರುವ ಹಾಗೆ ಮಾಡಿ ಚೂರುಚೂರೇ ಉಜ್ಜಿದರೆ ಕೊಂಚ ವಾಸಿ.

ಚಿರತೆಯಲ್ಲಿ ಕ್ಲೋನ್ ಮಾಡುವಾಗ ಮಚ್ಚೆಗಳ ಮೇಲೆ ಎಚ್ಚರ. ಒಮ್ಮೆ ಒಬ್ಬರಿಗೆ 12x18 ಪ್ರಿಂಟ್ ಹಾಕಿಸಿಕೊಟ್ಟಿದ್ದೆ. ಗೋಡೆಗೆ ತೂಗುಹಾಕಿದ ದಿನವೇ ಅವರ ಮನೆಯ ಹುಡುಗಿ ಬೆರಳಿಟ್ಟು ತೋರಿಸಿದಳು, "ಅಂಕಲ್, ಇವೆರಡೂ ಒಂದೇ ಮಚ್ಚೆ." ಹೌದು, ಒಂದೇ. ಕುದುರೆ ಲಾಳದ ಆಕಾರದ ಮಚ್ಚೆಯನ್ನು ನಾನು ಎರಡು ಸಲ ಅಚ್ಚೊತ್ತಿದ್ದೆ. ಕಂಪ್ಯೂಟರ್ ಮುಂದೆ ಮೂರು ತಾಸು ಕೂತ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಣ್ಣುಪಾಪೆಯನ್ನೇ ತಂತಿ ಪೂರ್ತಿ ಮುಚ್ಚಿದ್ದರೆ ನಾನು ಕೈ ಹಾಕುವುದಿಲ್ಲ. ಇನ್ನೊಂದು ಕಣ್ಣನ್ನು ತಿರುಗಿಸಿ ಅಂಟಿಸಬಹುದು, ಆದರೆ ಕಣ್ಣಲ್ಲಿನ ಬೆಳಕಿನ ಚುಕ್ಕೆ ತಪ್ಪು ಕಡೆ ಬಂದು ಪ್ರಾಣಿ ಮೆಳ್ಳೆಗಣ್ಣು ಆಗುತ್ತದೆ.

ಕೊಡುವ ಮುಂಚೆ ಎರಡು ಪರೀಕ್ಷೆ

ಉಳಿದ ಮಸುಕು ಪಟ್ಟೆಗಳು ಹಿಗ್ಗಿಸಿದಾಗ ಕಾಣುವುದಿಲ್ಲ, ಕುಗ್ಗಿಸಿದಾಗ ಕಾಣುತ್ತವೆ. ಹಾಗಾಗಿ ಫೋಟೋವನ್ನು ಅಂಚೆಚೀಟಿಯಷ್ಟು ಸಣ್ಣದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ. ಇನ್ನೂ ಗಟ್ಟಿ ಪರೀಕ್ಷೆ ಬೇಕಿದ್ದರೆ New from Visible ಮಾಡಿ, ಅದರ ಕಾಂಟ್ರಾಸ್ಟ್ ಅಸಹ್ಯ ಎನಿಸುವಷ್ಟು ಏರಿಸಿ. ಉಳಿದ ಜಾಲರಿ ತಾನಾಗಿ ಎದ್ದು ಬರುತ್ತದೆ. ಎಲ್ಲಿ ಎಂದು ಗುರುತು ಮಾಡಿಕೊಂಡು ಆ ಲೇಯರ್ ಅಳಿಸಿಬಿಡಿ. ಶಾರ್ಪ್ ಮಾಡುವುದು ಇದೆಲ್ಲ ಆದ ಮೇಲೆ, ಮುಂಚೆ ಅಲ್ಲ. ಲೇಯರ್‌ಗಳೆಲ್ಲ ಉಳಿಯುವ GIMPನ XCF ಫೈಲ್ ಇಟ್ಟುಕೊಂಡು JPEG ಬೇರೆ ತೆಗೆಯಿರಿ.

ಹುಡುಗನ ಚಿರತೆಯಲ್ಲಿ ಈ ಪರೀಕ್ಷೆಗೆ ಸಿಕ್ಕಿದ್ದು ಹಿಂದಿನ ಪೊದೆ. ಫೋಕಸ್ ಇಲ್ಲದ ಎಲೆಗಳ ಮೇಲೆ ತಂತಿಯ ನೆರಳು ಎರಡೆರಡಾಗಿ, ಹೆಣೆದ ಚಾಪೆಯ ಹಾಗೆ ಬಿದ್ದಿತ್ತು. ಅದನ್ನು ಲೆವೆಲ್ಸ್ ಎತ್ತುವುದಿಲ್ಲ. ಹೇಗೂ ಮಸುಕಾದ ಜಾಗ, ಅಲ್ಲಿಗೆ ಮಾತ್ರ ಇನ್ನಷ್ಟು ಬ್ಲರ್ ಕೊಟ್ಟು ಮುಗಿಸಿದೆ. ಒಟ್ಟು ಐವತ್ತು ನಿಮಿಷ. ಅವನು ನೋಡಿ, "ಮೀಸಿ ಎಲ್ಲಾ ಹಂಗೇ ಅದಾವಲ್ಲ ಮಾಮಾ" ಅಂದ. ಹಾಗೇ ಇದ್ದವು, ಎಡಗಡೆ ಒಂದು ಬಿಟ್ಟು. ಅದು ಗಂಟಿನ ಕೆಳಗಿತ್ತು.